ರಫ್ ಕಟ್ ನೋಡಿದ 18 ಜನ ಮತ್ತು ಉದ್ದವಾದ ಮದುವೆ

ಪ್ರೇಕ್ಷಕರು ‘ಇಲ್ಲಿ ಬೋರಾಯ್ತು’ ಅಂದರೆ ಅದು ನಿಜ. ಅವರಿಗೆ ಬೋರಾಗಿದೆ, ಅದರಲ್ಲಿ ವಾದವೇ ಇಲ್ಲ. ಆದರೆ ಯಾಕೆ ಬೋರಾಯ್ತು ಅನ್ನೋದು ಅವರಿಗೆ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಅದನ್ನು ಹುಡುಕುವುದು ಎಡಿಟರ್ ಕೆಲಸ. ನಾನು ಎಡಿಟ್ ಮಾಡಿದ ಒಂದು ಸಣ್ಣ ಬಜೆಟ್ಟಿನ ಕನ್ನಡ ಸಿನಿಮಾದಲ್ಲಿ ಈ ಹುಡುಕಾಟ ಹೇಗೆ ನಡೆಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಶಿರಸಿ ಕಡೆಯದು. ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ತಂಗಿ, ಒಂದು ಅಡಿಕೆ ತೋಟ. ತಂಗಿಯ ಮದುವೆಗೆ ದುಡ್ಡು ಬೇಕು. ಅಣ್ಣ ಒಂದು ಖಾಲಿ ಛಾಪಾ ಕಾಗದಕ್ಕೆ ತಮ್ಮನ ಸಹಿ ಹಾಕಿಸಿಕೊಳ್ಳುತ್ತಾನೆ. ತೋಟ ಪೂರ್ತಿ ತನ್ನ ಹೆಸರಿಗೆ ಬರುವ ಹಾಗೆ ಅದರ ಮೇಲೆ ಬರೆಸಿಕೊಳ್ಳುತ್ತಾನೆ. ತಮ್ಮನಿಗೆ ಅದು ತಿಳಿಯುತ್ತದೆ, ಮನೆ ಬಿಟ್ಟು ಹುಬ್ಬಳ್ಳಿಗೆ ಹೋಗುತ್ತಾನೆ. ತಂಗಿಯ ಮದುವೆಗೂ ಬರುವುದಿಲ್ಲ. ರಫ್ ಕಟ್, ಅಂದರೆ ಸೀನುಗಳನ್ನು ಮೊದಲ ಸಲ ಜೋಡಿಸಿದ ಕಚ್ಚಾ ರೂಪ, 2 ಗಂಟೆ 14 ನಿಮಿಷ ಇತ್ತು.

ನಾನೂ ನಿರ್ದೇಶಕರೂ ಆ ಸಿನಿಮಾವನ್ನು ಎಷ್ಟು ಸಲ ನೋಡಿದ್ದೆವು ಅಂದರೆ, ಯಾವ ವಿಷಯ ಪರದೆಯ ಮೇಲಿದೆ, ಯಾವುದು ಬರೀ ನಮ್ಮ ತಲೆಯಲ್ಲಿದೆ ಅಂತ ಬೇರೆ ಮಾಡಿ ನೋಡಲು ಆಗುತ್ತಿರಲಿಲ್ಲ. ಅದಕ್ಕೇ ಹೊಸ ಕಣ್ಣು ಬೇಕಿತ್ತು. ಬೆಂಗಳೂರಿನ ಒಂದು ಸಣ್ಣ ಪ್ರಿವ್ಯೂ ಥಿಯೇಟರ್ ಬಾಡಿಗೆಗೆ ಹಿಡಿದು 18 ಜನರನ್ನು ಕರೆದೆವು.

ಯಾರನ್ನು ಕರೆಯಬೇಕು ಅನ್ನೋದಕ್ಕೆ ನನ್ನದೊಂದು ಕಟ್ಟುನಿಟ್ಟು ಇದೆ. ಸಿನಿಮಾದವರು ಬೇಡ, ಅವರು ಸಿನಿಮಾ ನೋಡುವ ಬದಲು ಕಟ್ಟಿಂಗ್ ನೋಡುತ್ತಾರೆ. ಯೂನಿಟ್‌ನವರ ಮನೆಯವರೂ ಬೇಡ, ಅವರಿಗೆ ಬೇಜಾರು ಮಾಡಲು ಮನಸ್ಸು ಬರುವುದಿಲ್ಲ. ಗೆಳೆಯರ ಗೆಳೆಯರು ಸರಿ. ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಟೀಚರ್‌ಗಳು, ಕಾಲೇಜು ಹುಡುಗರು, ಒಂದಿಬ್ಬರು ನಿವೃತ್ತರು ಬಂದಿದ್ದರು. ಇವರಲ್ಲಿ ಐದಾರು ಜನ ಮಾತ್ರ ಮಲೆನಾಡಿನವರು. ಉಳಿದವರಿಗೆ ಆ ಕಡೆಯ ಮಾತು, ತೋಟದ ಲೆಕ್ಕ ಯಾವುದೂ ಗೊತ್ತಿರಲಿಲ್ಲ. ಇದು ಬೇಕೆಂದೇ ಮಾಡಿದ್ದು. ಊರಿನವರಿಗೆ ಮಾತ್ರ ಅರ್ಥವಾಗುವ ಜಾಗ ಯಾವುದು ಅಂತ ತಿಳಿಯಬೇಕಿತ್ತು.

ತಯಾರಿಯಲ್ಲಿ ನಾನು ಜಾಸ್ತಿ ಹೊತ್ತು ಕೊಡುವುದು ಸೌಂಡಿಗೆ. ಡಿಐ, ಅಂದರೆ ಬಣ್ಣ ಹೊಂದಿಸುವ ಕೆಲಸ ಆಗಿಲ್ಲ, ಒಂದು ಶಾಟ್ ಹಳದಿ, ಮುಂದಿನದು ನೀಲಿ ಅಂದರೂ ಜನ ಐದು ನಿಮಿಷದಲ್ಲಿ ಒಗ್ಗಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಒಗ್ಗಿಕೊಳ್ಳುವುದಿಲ್ಲ. ಅದಕ್ಕಿಂತ ಕಷ್ಟ ಏನೆಂದರೆ, ‘ಕೇಳಿಸಲಿಲ್ಲ’ ಅಂತ ಹೇಳುವುದಿಲ್ಲ, ‘ಅರ್ಥವಾಗಲಿಲ್ಲ’ ಅಂತಲೇ ಬರೆಯುತ್ತಾರೆ. ಆಮೇಲೆ ನಾವು ಚೆನ್ನಾಗಿರುವ ಸೀನನ್ನು ಸುಮ್ನೆ ಬಿಚ್ಚಿ ಕೂರಬೇಕಾಗುತ್ತದೆ. ಹಾಗಾಗಿ ಶೂಟಿಂಗ್‌ನಲ್ಲೇ ರೆಕಾರ್ಡ್ ಆದ ಪೈಲಟ್ ಟ್ರ್ಯಾಕ್‌ನ ಮಾತುಗಳನ್ನೆಲ್ಲ ಒಂದೇ ಮಟ್ಟಕ್ಕೆ ತಂದೆ. ಕಟ್ಟಿಂದ ಕಟ್ಟಿಗೆ ಹಿನ್ನೆಲೆಯ ಶಬ್ದ ಕತ್ತರಿಸಿದ ಹಾಗೆ ಕೇಳಿಸುತ್ತಿದ್ದ ಕಡೆ ಅದೇ ಜಾಗದ ಗಾಳಿ, ಜೀರುಂಡೆ ಸದ್ದು ತುಂಬಿಸಿದೆ. ಇನ್ನೂ ಶೂಟ್ ಆಗದ ಮಳೆಯ ಶಾಟ್ ಇರಬೇಕಾದ ಕಡೆ ಕಪ್ಪು ಪರದೆಯ ಮೇಲೆ ‘ಇಲ್ಲಿ ಮಳೆ’ ಅಂತ ಬರೆದು ಹಾಕಿದೆ. ಟೈಮ್‌ಕೋಡ್ ಪರದೆಯ ಮೇಲೆ ಹಾಕಲಿಲ್ಲ. ಓಡುವ ಅಂಕಿ ಕಂಡರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಮೊದಲ ಫ್ರೇಮ್ ಬಂದಾಗ ನನ್ನ ಕೈಯಲ್ಲಿದ್ದ ಸ್ಟಾಪ್‌ವಾಚ್ ಒತ್ತಿದೆ, ಅಷ್ಟೇ ಸಾಕಾಯಿತು.

ಶುರುವಾಗುವ ಮುಂಚೆ ನಿರ್ದೇಶಕರು ಹೇಳಿದ್ದು ಎರಡೇ ಮಾತು: ‘ಬಣ್ಣ, ಸಂಗೀತ ಇನ್ನೂ ಮುಗಿದಿಲ್ಲ. ಸಿನಿಮಾ ಮುಗಿದ ಮೇಲೆ ಅರ್ಧ ಗಂಟೆ ಕೂತು ಹೋಗಿ.’ ಕಥೆಯ ಬಗ್ಗೆ ಒಂದಕ್ಷರ ಇಲ್ಲ. ನಾನು ಕೊನೆಯ ಸಾಲಿನಲ್ಲಿ ಕೂತೆ.

ಕೊನೆಯ ಸಾಲಿನಿಂದ ಮುಖ ಕಾಣುವುದಿಲ್ಲ, ತಲೆ ಕಾಣುತ್ತದೆ. ಪರದೆಯ ಬೆಳಕಿಗೆ ತಲೆಗಳು ಕಪ್ಪಾಗಿ ಎದ್ದು ಕಾಣುತ್ತವೆ. ಕಥೆ ಹಿಡಿದಿದ್ದರೆ ತಲೆಗಳು ಅಲುಗುವುದಿಲ್ಲ. ಹಿಡಿತ ತಪ್ಪಿದಾಗ ಮೊದಲು ಒಬ್ಬರು ಕಾಲು ಬದಲಿಸುತ್ತಾರೆ, ಆಮೇಲೆ ಪಕ್ಕದವರು ಹಿಂದಕ್ಕೆ ಒರಗುತ್ತಾರೆ, ಅಷ್ಟರಲ್ಲಿ ಎಲ್ಲಿಂದಲೋ ಒಂದು ಕೆಮ್ಮು. ಒಬ್ಬರು ಅಲುಗಾಡಿದರೆ ನಾನು ಬರೆದುಕೊಳ್ಳುವುದಿಲ್ಲ. ಒಂದು ನಿಮಿಷದೊಳಗೆ ಮೂರು ನಾಲ್ಕು ಕಡೆ ಅಲುಗಾಟ ಕಂಡರೆ ಸಮಯ ಬರೆದುಕೊಳ್ಳುತ್ತೇನೆ. ಕಾರಣ ಬರೆಯುವುದಿಲ್ಲ, ಸಮಯ ಮಾತ್ರ.

ನಗುವನ್ನೂ ಹಾಗೆಯೇ ಕೇಳಬೇಕು. ಸಿನಿಮಾದ ಜೊತೆ ನಗುವವರು ಒಟ್ಟಿಗೆ ನಗುತ್ತಾರೆ, ಮುಂದಿನ ಮಾತು ಕೇಳಲು ತಾವೇ ನಿಲ್ಲಿಸುತ್ತಾರೆ. ಮುಜುಗರದ ನಗು ಚಿಕ್ಕದು, ಮೂಗಿನಲ್ಲಿ ಬರುತ್ತದೆ, ನಕ್ಕವರು ಪಕ್ಕದವರ ಕಡೆ ತಿರುಗುತ್ತಾರೆ. ಅಣ್ಣ ಕೊಟ್ಟಿಗೆಯಲ್ಲಿ ಒಬ್ಬನೇ ಅಳುವ ಶಾಟಿಗೆ ಇಂಥ ನಗು ಬಂತು. ನಿರ್ದೇಶಕರು ಕುರ್ಚಿಯಲ್ಲಿ ಕುಗ್ಗಿಹೋದರು. ನಟನೆ ಕೈಕೊಟ್ಟಿತು ಅಂತಲೇ ಅವರಿಗೆ ಅನ್ನಿಸಿತ್ತು. ಆದರೆ ಅದಕ್ಕೆ ಮುಂಚಿನ ಸೀನು ಅಡುಗೆಭಟ್ಟರ ತಮಾಷೆಯದು. ಆ ನಗು ಪೂರ್ತಿ ಇಳಿಯುವ ಮುಂಚೆಯೇ ನಾವು ಅಳುವ ಮುಖಕ್ಕೆ ಕಟ್ ಮಾಡಿದ್ದೆವು. ಆಮೇಲೆ ಮಧ್ಯೆ ಎಂಟು ಸೆಕೆಂಡ್ ಖಾಲಿ ಅಂಗಳದ ಶಾಟ್ ಹಾಕಿದೆ. ನಟನೆಯ ಒಂದು ಫ್ರೇಮನ್ನೂ ಮುಟ್ಟಲಿಲ್ಲ.

ಸಿನಿಮಾ ಮುಗಿದ ಕೂಡಲೇ ಮಾತಾಡಲು ಬಿಡಬಾರದು. ಗಟ್ಟಿ ದನಿಯವರೊಬ್ಬರು ‘ಮದುವೆ ಎಳೆದರು’ ಅಂದರೆ ಸಾಕು, ಉಳಿದವರಿಗೂ ಹಾಗೇ ಅನ್ನಿಸಲು ಶುರುವಾಗುತ್ತದೆ. ಅದಕ್ಕೆ ಮೊದಲು ಕಾಗದ, ಪೆನ್ನು. ಕೇಳಿದ್ದು ನಾಲ್ಕೇ ಪ್ರಶ್ನೆ. ಕಥೆಯನ್ನು ನಾಲ್ಕು ಸಾಲಿನಲ್ಲಿ ಹೇಳಿ. ಮನಸ್ಸು ಬೇರೆ ಕಡೆ ಹೋದದ್ದು ಎಲ್ಲಿ? ತಂಗಿಯ ಮದುವೆಗೆ ತಮ್ಮ ಯಾಕೆ ಬರಲಿಲ್ಲ? ಕೊನೆಯ ಸೀನಿನ ನಂತರ ಏನಾಗುತ್ತದೆ ಅಂತ ಅನ್ನಿಸುತ್ತದೆ? ‘ಏನು ಬದಲಾಯಿಸಬೇಕು’ ಅಂತ ಕೇಳಲಿಲ್ಲ. ಹಾಗೆ ಕೇಳಿದ ತಕ್ಷಣ ಜನ ಪ್ರೇಕ್ಷಕರ ಜಾಗ ಬಿಟ್ಟು ನಿರ್ದೇಶಕರ ಜಾಗಕ್ಕೆ ಬಂದು ಕೂರುತ್ತಾರೆ, ತಮಗೆ ಆದದ್ದನ್ನು ಮರೆತುಬಿಡುತ್ತಾರೆ.

ಎರಡನೇ ಪ್ರಶ್ನೆಗೆ 10 ಜನ ಮದುವೆಯ ಸೀನ್ ಅಂತ ಬರೆದಿದ್ದರು. ‘ತುಂಬಾ ಉದ್ದ’, ‘ಮದುವೆ ವಿಡಿಯೋ ನೋಡಿದ ಹಾಗಾಯ್ತು’. ಮದುವೆ 1 ಗಂಟೆ 12ನೇ ನಿಮಿಷಕ್ಕೆ ಶುರುವಾಗಿ 9 ನಿಮಿಷ ನಡೆಯುತ್ತದೆ.

‘ಅರ್ಧಕ್ಕರ್ಧ ಕಡಿದುಬಿಡೋಣ, ನಾಳೆಯೇ’ ಅಂದರು ನಿರ್ದೇಶಕರು.

‘ಸ್ವಲ್ಪ ತಡೀರಿ ಸರ್, ಮೂರನೇ ಪ್ರಶ್ನೆ ನೋಡಿ ಆಮೇಲೆ ಕಡಿಯೋಣ’ ಅಂದೆ.

ಹಾಗೆ ಹೇಳಲು ಕಾರಣ ನನ್ನ ನೋಟ್‌ಬುಕ್. ಅದರಲ್ಲಿ ಅಲುಗಾಟದ ಸಮಯ 1 ಗಂಟೆ 9 ನಿಮಿಷ ಅಂತ ಇತ್ತು. ಅಂದರೆ ಮದುವೆಗೆ ಮೂರು ನಿಮಿಷ ಮುಂಚೆ, ತಮ್ಮ ಹುಬ್ಬಳ್ಳಿಯ ಬಾಡಿಗೆ ರೂಮಿನಲ್ಲಿ ಮದುವೆ ಕಾಗದ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿರುವ ಸೀನು. ಜನ ಹೆಸರು ಹೇಳಿದ್ದು ಮದುವೆಯದು, ಮೈ ಕದಲಿಸಿದ್ದು ಅದಕ್ಕಿಂತ ಮೊದಲೇ.

ಮೂರನೇ ಪ್ರಶ್ನೆಗೆ ಸರಿಯಾದ ಉತ್ತರ ಬರೆದವರು 5 ಜನ. ಉಳಿದವರದ್ದು ಒಂದೊಂದು ಥರ. ‘ರಜೆ ಸಿಗಲಿಲ್ಲ ಅನ್ನಿಸುತ್ತೆ’, ‘ಅಣ್ಣನ ಮೇಲೆ ಏನೋ ಹಳೇ ಸಿಟ್ಟು’, ‘ಅವನಿಗೆ ಯಾವುದೋ ಹುಡುಗಿ ಇದ್ದಾಳೆ’. ಆ ಐದು ಜನರಲ್ಲಿ ನಾಲ್ವರು ಮಲೆನಾಡಿನ ಕಡೆಯವರು. ತೋಟ, ಪಾಲು, ಸಹಿ ಅಂದರೆ ಏನು ಅಂತ ಅವರಿಗೆ ಅರ್ಧ ಮಾತಿಗೇ ಗೊತ್ತಾಗಿತ್ತು.

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಆ ಮದುವೆ ಪೂರ್ತಿ ನಿಂತಿರುವುದು ‘ತಮ್ಮ ಬರುತ್ತಾನಾ’ ಅನ್ನುವ ಕಾಯುವಿಕೆಯ ಮೇಲೆ. ಅವನು ಏನು ಕಳೆದುಕೊಂಡಿದ್ದಾನೆ ಅಂತ ಗೊತ್ತಿರುವವರಿಗೆ 9 ನಿಮಿಷವೂ ಬಿಗಿಯಾಗಿರುತ್ತದೆ. ಗೊತ್ತಿಲ್ಲದವರಿಗೆ ಅದು ಯಾರದೋ ಮನೆಯ ಮದುವೆ. ಅರ್ಧಕ್ಕೆ ಕಡಿದರೆ ನಾಲ್ಕೂವರೆ ನಿಮಿಷದ ಯಾರದೋ ಮನೆಯ ಮದುವೆ ಆಗುತ್ತಿತ್ತು, ಅಷ್ಟೇ.

ಹಾಗಾಗಿ ಹಿಂದಕ್ಕೆ ಹೋದೆವು, 16ನೇ ನಿಮಿಷಕ್ಕೆ, ಸಹಿಯ ಸೀನಿಗೆ. ಜಗಲಿಯ ಮೇಲೆ ಅಣ್ಣ ಕಾಗದ ಚಾಚುತ್ತಾನೆ, ತಮ್ಮ ಸಹಿ ಹಾಕುತ್ತಾನೆ. ಖಾಲಿ ಕಾಗದವನ್ನು ಹತ್ತಿರದಿಂದ ತೋರಿಸುವ ಇನ್ಸರ್ಟ್ ಶಾಟ್ ಒಂದೂವರೆ ಸೆಕೆಂಡ್ ಇತ್ತು. ಅದೇ ಹೊತ್ತಿಗೆ ಒಳಗಿನಿಂದ ತಂಗಿ ಸೀರೆಯ ಬಣ್ಣದ ಬಗ್ಗೆ ಕೂಗಿ ಕೇಳುತ್ತಾಳೆ. ಹಿಂದೆ ನಾವೇ ತಾತ್ಕಾಲಿಕವಾಗಿ ಹಾಕಿದ ಟೆಂಪ್ ಮ್ಯೂಸಿಕ್, ಖುಷಿಯ ಕೊಳಲು. ಕಿವಿ ತಂಗಿಯ ಕಡೆ, ಮನಸ್ಸು ಕೊಳಲಿನ ಕಡೆ. ಕಾಗದ ನೋಡುವವರು ಯಾರು?

ಮೊದಲು ಕೊಳಲು ತೆಗೆದೆ. ತಂಗಿಯ ಮಾತನ್ನು ಸಹಿ ಮುಗಿದ ಮೇಲಕ್ಕೆ ಸರಿಸಿದೆ. ಶೂಟ್ ಮಾಡಿದ ಎಲ್ಲ ಟೇಕ್‌ಗಳಿರುವ ರಶಸ್ ಹುಡುಕಿದಾಗ ಇನ್ನೊಂದು ಟೇಕ್ ಸಿಕ್ಕಿತು. ಅದರಲ್ಲಿ ಪೆನ್ನಿನ ತುದಿ ಕಾಗದದ ಮೇಲೆ ಬಂದು, ಬರೆಯದೆ ಒಂದು ಕ್ಷಣ ನಿಲ್ಲುತ್ತದೆ. ಶೂಟಿಂಗ್‌ನಲ್ಲಿ ಫೋಕಸ್ ಸ್ವಲ್ಪ ತಡವಾಗಿ ಬಂತು ಅಂತ ಬಿಟ್ಟಿದ್ದ ಟೇಕ್ ಅದು. ಅದನ್ನೇ ನಾಲ್ಕು ಸೆಕೆಂಡ್ ಇಟ್ಟೆ. ಆಮೇಲೆ ಬರುವ ಶಾಟಿನಲ್ಲಿ ಅಣ್ಣನ ಬೆನ್ನು ಕಾಣುತ್ತದೆ, ತುಟಿ ಕಾಣುವುದಿಲ್ಲ. ಅಲ್ಲಿ ಡಬ್ಬಿಂಗ್‌ನಲ್ಲಿ ಒಂದು ಮಾತು ಸೇರಿಸಿದೆವು: ‘ಮೇಲಿಂದು ಆಮೇಲೆ ಬರೆಸ್ತೆ, ನೀ ಸಹಿ ಹಾಕು.’ ಹೊಸ ಶೂಟಿಂಗ್ ಏನೂ ಬೇಕಾಗಲಿಲ್ಲ. ಮದುವೆಯಿಂದ ತೆಗೆದದ್ದು ಅರ್ಧ ನಿಮಿಷ, ಅದೂ ಒಂದೇ ಥರದ ಎರಡು ಊಟದ ಶಾಟ್.

ಮುಂದಿನ ಸಲ ಬೇರೆ 14 ಜನರನ್ನು ಕರೆದೆವು. ಹಳಬರನ್ನು ಮತ್ತೆ ಕೂರಿಸಿದರೆ ಪ್ರಯೋಜನವಿಲ್ಲ, ಅವರಿಗೆ ಕಥೆ ಗೊತ್ತು. ಪ್ರಶ್ನೆಗಳು ಅವೇ. ತಮ್ಮ ಯಾಕೆ ಬರಲಿಲ್ಲ ಅನ್ನೋದಕ್ಕೆ 12 ಜನ ಸರಿಯಾಗಿ ಬರೆದರು. ಮದುವೆ ಉದ್ದವಾಯಿತು ಅಂದವರು ಇಬ್ಬರು. 1 ಗಂಟೆ 9ನೇ ನಿಮಿಷದ ಹತ್ತಿರ ನನ್ನ ನೋಟ್‌ಬುಕ್‌ನಲ್ಲಿ ಏನೂ ಇರಲಿಲ್ಲ. ತಮ್ಮ ಮದುವೆ ಕಾಗದ ಮಡಿಚಿ ಜೇಬಿಗೆ ಇಟ್ಟಾಗ ಮುಂದಿನ ಸಾಲಿನಲ್ಲಿದ್ದ ಒಬ್ಬರು ‘ಅಯ್ಯೋ’ ಅಂದರು.

ಈ ಅಂಕಿಗಳನ್ನು ನಾನು ಶೇಕಡಾವಾರು ಮಾಡುವುದಿಲ್ಲ. 14 ಜನರಿಂದ ಸಿನಿಮಾ ಓಡುತ್ತದಾ ಇಲ್ಲವಾ ಅಂತ ಹೇಳಲು ಆಗುವುದಿಲ್ಲ. ಎಷ್ಟು ಸ್ಟಾರ್ ಕೊಡುತ್ತೀರಿ ಅಂತಲೂ ಕೇಳುವುದಿಲ್ಲ. ಇಷ್ಟು ಸಣ್ಣ ಗುಂಪು ಹೇಳಬಲ್ಲದ್ದು ಮುಖ್ಯವಾಗಿ ಒಂದೇ: ನಾವು ಹೇಳಿದ್ದು ತಲುಪಿತಾ, ಇಲ್ಲವಾ. ಒಬ್ಬರಿಗೊಬ್ಬರು ಗುರುತಿಲ್ಲದ ಮೂರು ಜನ ಒಂದೇ ಜಾಗದಲ್ಲಿ ತಪ್ಪಿಹೋದರೆ ಆ ಜಾಗವನ್ನು ನೋಡಲೇಬೇಕು.

ಇಷ್ಟವಾಗದಿರುವುದು ಬೇರೆ, ಅರ್ಥವಾಗದಿರುವುದು ಬೇರೆ. ಕೊನೆಯ ಸೀನಿನಲ್ಲಿ ಇದು ಎದುರಾಯಿತು. ತಮ್ಮ ಊರಿಗೆ ಬಂದು ತೋಟದ ದಣಪೆಯ ಹೊರಗೆ ನಿಲ್ಲುತ್ತಾನೆ, ಅಣ್ಣ ಒಳಗಿನಿಂದ ನೋಡುತ್ತಾನೆ, ಸಿನಿಮಾ ಮುಗಿಯುತ್ತದೆ. ಎರಡೂ ಗುಂಪಿನಲ್ಲಿ ಹತ್ತಿರ ಹತ್ತಿರ ಅರ್ಧ ಜನ ‘ಇಬ್ಬರೂ ಮಾತಾಡಬೇಕಿತ್ತು’ ಅಂದರು. ನಿರ್ಮಾಪಕರಿಗೂ ಆಸೆ ಹುಟ್ಟಿತು, ಒಂದು ದಿನದ ಶೂಟಿಂಗ್ ಮಾಡಿಬಿಡೋಣ ಅಂದರು. ಪ್ರಿವ್ಯೂ ನೋಡಿದವರು ಒಪ್ಪಲಿಲ್ಲ ಅಂತ ಕೊನೆಯನ್ನೇ ಮತ್ತೆ ಶೂಟ್ ಮಾಡಿದ ಉದಾಹರಣೆ ಇದೆ. 1987ರ ಹಾಲಿವುಡ್ ಸಿನಿಮಾ ‘ಫೇಟಲ್ ಅಟ್ರಾಕ್ಷನ್’ ಹಾಗೇ ಬದಲಾಯಿತು, ದೊಡ್ಡ ಹಿಟ್ಟೂ ಆಯಿತು.

ನಾನು ನಾಲ್ಕನೇ ಪ್ರಶ್ನೆಯ ಉತ್ತರಗಳನ್ನು ಮೇಜಿನ ಮೇಲೆ ಹರಡಿದೆ. ಮಾತಾಡಬೇಕಿತ್ತು ಅಂದವರೇ ಕೆಳಗೆ ಬರೆದಿದ್ದರು: ‘ಅಣ್ಣ ಒಳಗೆ ಕರೆಯುತ್ತಾನೆ, ಇವನು ಹೋಗುವುದಿಲ್ಲ’, ‘ತೋಟ ವಾಪಸ್ ಕೊಡ್ತಾನೆ, ಆದ್ರೆ ಮೊದಲಿನ ಹಾಗೆ ಇರಲ್ಲ’. ಎಲ್ಲರಿಗೂ ಕಥೆ ಸಿಕ್ಕಿತ್ತು, ಪ್ರತಿಯೊಬ್ಬರೂ ಆ ಮಾತನ್ನು ತಮ್ಮೊಳಗೆ ಆಡಿಸಿ ನೋಡಿದ್ದರು. ಅವರಿಗೆ ಬೇಕಿದ್ದದ್ದು ಸಮಾಧಾನ. ಅದನ್ನು ಕೊಡಬೇಕಾ ಬೇಡವಾ ಅನ್ನೋದು ನಿರ್ದೇಶಕರ ತೀರ್ಮಾನ, ಕಾಗದದಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ. ಅವರು ಕಾಗದಗಳನ್ನೆಲ್ಲ ಒಂದೊಂದಾಗಿ ಓದಿ, ಕೊನೆ ಹೀಗೇ ಇರಲಿ ಅಂದರು. ಆ ವಾರವೇ, ಇನ್ನು ಕಟ್ ಬದಲಾಗುವುದಿಲ್ಲ ಅಂತ ಪಿಕ್ಚರ್ ಲಾಕ್ ಮಾಡಿ, ಹಿನ್ನೆಲೆ ಸಂಗೀತದ ರೀರೆಕಾರ್ಡಿಂಗ್‌ಗೆ ಕಳಿಸಿದೆ. ಜೊತೆಗೆ ಸಂಗೀತ ನಿರ್ದೇಶಕರಿಗೆ ಒಂದು ಚೀಟಿ: 16ನೇ ನಿಮಿಷದ ಸಹಿಯ ಸೀನಿಗೆ ಸಂಗೀತ ಬೇಡ.