ಅಡುಗೆ ತಕ್ಕಡಿಯಲ್ಲಿ ಅಳೆದ ಎಂಟ್ರೊಪಿ

ದ್ರವ ಸಾರಜನಕದ ಆವೀಕರಣ ಎಂಟ್ರೊಪಿಯನ್ನು ಒಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿಯಲ್ಲಿಯೇ ಅಳೆಯಬಹುದೆಂದು ನಾನು ಹೇಳಿದಾಗ, ಮುಂಬೈಯಲ್ಲಿ ಪಾಠ ಮಾಡುವ ಧಾರವಾಡದ ಹಳೆಯ ಸಹಪಾಠಿಗಳು ಒಪ್ಪಲಿಲ್ಲ. ಪುಣೆಯ ನಮ್ಮ ಕಾಲೇಜಿನಲ್ಲಿ ಈಗ ಪ್ರತಿ ತಂಡಕ್ಕೂ 72ರ ಆಸುಪಾಸಿನ ಉತ್ತರವೇ ಬರುತ್ತಿರುವುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಸಾಧನಗಳು ನಿಮಗೆ ಗೊತ್ತಿರುವವೇ: ಬಾಯಿ ತೆರೆದ ಸ್ಟೀಲ್ ಫ್ಲಾಸ್ಕ್, ನೈಕ್ರೋಮ್ ತಂತಿಯ ಸುರುಳಿ, 12 ವೋಲ್ಟ್ ವಿದ್ಯುತ್ ಮೂಲ. ಫ್ಲಾಸ್ಕನ್ನು ತಕ್ಕಡಿಯ ಮೇಲಿಟ್ಟು, ಮೊದಲು ಹೀಟರ್ ಇಲ್ಲದೆ ಹತ್ತು ನಿಮಿಷ, ಆಮೇಲೆ ಹೀಟರ್ ಹಾಕಿ ಹತ್ತು ನಿಮಿಷ, ಕೊನೆಗೆ ಮತ್ತೆ ಹೀಟರ್ ಇಲ್ಲದೆ ಹತ್ತು ನಿಮಿಷ ತೂಕ ಬರೆದುಕೊಳ್ಳುತ್ತೇವೆ. ತಾನಾಗಿಯೇ ಆವಿಯಾಗುವ ಪ್ರಮಾಣವು ದ್ರವದ ಮಟ್ಟ ಇಳಿದಂತೆ ಬದಲಾಗುವುದರಿಂದ ಹಿಂದು ಮುಂದಿನ ಎರಡು ಅಳತೆಗಳ ಸರಾಸರಿಯನ್ನು ಕಳೆಯಬೇಕು. 24 ವ್ಯಾಟ್‌ನಲ್ಲಿ ಹತ್ತು ನಿಮಿಷಕ್ಕೆ 14,400 ಜೂಲ್ ಆಗುತ್ತದೆ. ಒಮ್ಮೆ ಸುಮಾರು 83 ಗ್ರಾಂ ಇಳಿಯಿತು, ಅದರಲ್ಲಿ 10 ಗ್ರಾಂ ತಾನಾಗಿಯೇ ಹೋದದ್ದು. ಉಳಿದ 73ರಿಂದ ಭಾಗಿಸಿದರೆ ಗ್ರಾಮಿಗೆ 197 ಜೂಲ್, ಮೋಲಿಗೆ 5.5 ಕಿಲೋಜೂಲ್, ಅದನ್ನು 77 ಕೆಲ್ವಿನ್‌ನಿಂದ ಭಾಗಿಸಿದರೆ ಹತ್ತಿರ ಹತ್ತಿರ 72 ಜೂಲ್ ಪ್ರತಿ ಕೆಲ್ವಿನ್.

ಇಷ್ಟು ಸುಲಭವಾಗಿ ಬರಲಿಲ್ಲ. ಮಳೆಗಾಲದಲ್ಲಿ ಫ್ಲಾಸ್ಕಿನ ಬಾಯಿಗೆ ಹಿಮ ಕಟ್ಟಿ ಅದರ ತೂಕವೂ ಸೇರುತ್ತಿತ್ತು, ಆಗ ಗುಪ್ತೋಷ್ಣ ಹತ್ತು ಪ್ರತಿಶತದಷ್ಟು ಹೆಚ್ಚಾಗಿ ಕಾಣುತ್ತಿತ್ತು. ಸುರುಳಿಯ ತುದಿ ದ್ರವದಿಂದ ಹೊರಗೆ ಕಂಡ ದಿನ ಆ ಶಾಖ ತಣ್ಣನೆಯ ಆವಿಯನ್ನಷ್ಟೇ ಬಿಸಿ ಮಾಡಿತು. ವೋಲ್ಟೇಜನ್ನು ವಿದ್ಯುತ್ ಮೂಲದಲ್ಲಲ್ಲ, ಸುರುಳಿಯ ತುದಿಗಳಲ್ಲಿಯೇ ಅಳೆಯಬೇಕು. ಕುದಿತ ಚಿಮ್ಮಿ ಹನಿಗಳು ಹೊರಹೋಗದಂತೆ ಸುರುಳಿಯನ್ನು ಸುತ್ತುವ ಒಂದು ವಿಧಾನವಿದೆ, ಅದನ್ನು ಸದ್ಯಕ್ಕೆ ನಮ್ಮ ವಿದ್ಯಾರ್ಥಿಗಳಿಗೇ ಬಿಟ್ಟಿದ್ದೇನೆ. ಸಾರಜನಕ, ಡ್ಯೂವರ್ ಬಾಡಿಗೆ, ಭೋಸರಿಯಿಂದ ಟೆಂಪೋ ಎಲ್ಲ ಸೇರಿ ನಾಲ್ಕು ಸಾವಿರದ ಆಸುಪಾಸು ಖರ್ಚಾಯಿತು. ಅದರಲ್ಲಿ ಸಾರಜನಕದ ಪಾಲೇ ಕಡಿಮೆ. ಕಿಟಕಿಗಳು ತೆರೆದಿರಲಿ, ಫ್ಲಾಸ್ಕಿಗೆ ಬಿಗಿ ಮುಚ್ಚಳ ಎಂದೂ ಬೇಡ.

ಅದೇ ಹೀಟರನ್ನು ಆಲಿಕೆಯಲ್ಲಿಟ್ಟ ಮಂಜುಗಡ್ಡೆಯೊಳಗೆ ಹುದುಗಿಸಿ, ಇಳಿದ ನೀರನ್ನು ತೂಗಿದಾಗ ಕರಗುವಿಕೆಯ ಎಂಟ್ರೊಪಿ 22 ಬಂತು. ಫ್ರೀಜರಿನಿಂದ ಆಗಷ್ಟೇ ತೆಗೆದ ಮಂಜುಗಡ್ಡೆ ಬೇಡ, ಅದು ಸೊನ್ನೆ ಡಿಗ್ರಿಗೆ ಬರಲೆಂದೇ ಒಂದಿಷ್ಟು ಶಾಖ ಹೋಗುತ್ತದೆ. ನೀರಿನ ಆವೀಕರಣಕ್ಕೆ 109ರ ಸುತ್ತಮುತ್ತ ಬರುತ್ತದೆ, ಆದರೆ ಪುಣೆಯ ಎತ್ತರದಲ್ಲಿ ನೀರು 98 ಡಿಗ್ರಿಯಲ್ಲೇ ಕುದಿಯುವುದರಿಂದ ಭಾಗಿಸಬೇಕಾದದ್ದು 373ರಿಂದಲ್ಲ, 371ರಿಂದ.

ಅನಿಲಗಳ ಮಿಶ್ರಣದಲ್ಲಿ ಮಾತ್ರ ಹೀಟರ್ ಕೈಕೊಡುತ್ತದೆ. ಸಮಾನ ಒತ್ತಡದ ಸಾರಜನಕ ಮತ್ತು ಆರ್ಗಾನ್ ತುಂಬಿದ ಎರಡು ಬಾಟಲಿಗಳ ನಡುವಿನ ನಲ್ಲಿ ತಿರುಗಿಸಿದಾಗ ನಮ್ಮ ಥರ್ಮೋಕಪಲ್ ಕದಲಲಿಲ್ಲ. ಶಾಖದ ಕೊಡುಕೊಳ್ಳುವಿಕೆ ಇಲ್ಲದಿದ್ದರೂ, ತಲಾ ಅರ್ಧ ಮೋಲ್ ಇರುವ ಎರಡೂ ಅನಿಲಗಳು ಇಮ್ಮಡಿ ಗಾತ್ರಕ್ಕೆ ಹರಡುವುದರಿಂದ ಎಂಟ್ರೊಪಿ R ln 2, ಅಂದರೆ 5.76 ಜೂಲ್ ಪ್ರತಿ ಕೆಲ್ವಿನ್ ಹೆಚ್ಚುತ್ತದೆ. ಅವನ್ನು 300 ಕೆಲ್ವಿನ್‌ನಲ್ಲಿ ಮತ್ತೆ ಬೇರ್ಪಡಿಸಲು ಕನಿಷ್ಠ 1.7 ಕಿಲೋಜೂಲ್ ಕೆಲಸ ಬೇಕು. ಎರಡೂ ಕಡೆ ಸಾರಜನಕವೇ ಇದ್ದರೆ ಈ ಹೆಚ್ಚಳ ಸೊನ್ನೆ.

ಈ 5.76 ಮೂರನೆಯ ನಿಯಮದಲ್ಲಿ ಮತ್ತೆ ಎದುರಾಗುತ್ತದೆ. ಸೊನ್ನೆ ಕೆಲ್ವಿನ್‌ನಲ್ಲಿ ಪರಿಪೂರ್ಣ ಸ್ಫಟಿಕದ ಎಂಟ್ರೊಪಿ ಸೊನ್ನೆಯೆಂದು ಹಿಡಿದು, ಸಾರಜನಕದ ಎಂಟ್ರೊಪಿಯನ್ನು ಕೂಡುತ್ತಾ ಬನ್ನಿ: ಘನದ ರೂಪ 35.6 ಕೆಲ್ವಿನ್‌ನಲ್ಲಿ ಬದಲಾಗುವಾಗ 6.4, ಕರಗುವಾಗ 11.4, ಕುದಿಯುವಾಗ ನಾವು ಅಳೆದ 72, ನಡುನಡುವೆ ಬಿಸಿಯಾಗುವ ಪಾಲು. 298 ಕೆಲ್ವಿನ್‌ಗೆ ಬರುವಾಗ ಮೊತ್ತ 192. ಅಣುವಿನ ರೋಹಿತದಿಂದ ಲೆಕ್ಕ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಸಾರಜನಕದಷ್ಟೇ ತೂಕದ ಕಾರ್ಬನ್ ಮಾನಾಕ್ಸೈಡಿನಲ್ಲಿ ಮಾತ್ರ ಶಾಖದ ಮೊತ್ತ ರೋಹಿತದ ಲೆಕ್ಕಕ್ಕಿಂತ 4.6ರಷ್ಟು ಕಡಿಮೆ. ಅದರ ಅಣುವಿನ ಎರಡು ತುದಿಗಳು ಬಹುತೇಕ ಒಂದೇ ಬಗೆಯಾದ್ದರಿಂದ, ಹೆಪ್ಪುಗಟ್ಟುವಾಗ ಕೆಲವು ಹೀಗೆ, ಕೆಲವು ತಿರುಗುಮುರುಗಾಗಿ ಕೂತುಬಿಡುತ್ತವೆ. ಆಮೇಲೆ ತಣ್ಣಗಾದರೂ ಸರಿಯಾಗಿ ತಿರುಗಲು ಶಕ್ತಿ ಸಾಲದು. ಪೂರ್ಣ ಗೊಂದಲವಿದ್ದರೆ ಉಳಿಯಬೇಕಾದದ್ದು ಅದೇ R ln 2. ಅಲ್ಪಸ್ವಲ್ಪ ಕ್ರಮ ಇರುವುದರಿಂದ 4.6ಕ್ಕೆ ನಿಲ್ಲುತ್ತದೆ. ಸ್ಫಟಿಕದೊಳಗೆ ಸಿಕ್ಕಿಬಿದ್ದ ಮಿಶ್ರಣದ ಎಂಟ್ರೊಪಿ ಎಂದೇ ನಾನು ಇದನ್ನು ತರಗತಿಯಲ್ಲಿ ಹೇಳುತ್ತೇನೆ.

ಮಂಜುಗಡ್ಡೆಯಲ್ಲೂ ಹೈಡ್ರೊಜನ್‌ಗಳ ಜೋಡಣೆಯ ಗೊಂದಲದಿಂದ ಸುಮಾರು 3.4 ಉಳಿಯುತ್ತದೆ, R ln(3/2) ಎಂಬ ಅದರ ಲೆಕ್ಕವನ್ನು ಪೌಲಿಂಗ್ 1935ರಲ್ಲಿ ಕೊಟ್ಟರು. ನಮ್ಮ ಆಲಿಕೆಯ ಪ್ರಯೋಗಕ್ಕೆ ಇದು ಕಾಣುವುದಿಲ್ಲ, ಏಕೆಂದರೆ 22 ಎನ್ನುವುದು ಸೊನ್ನೆ ಡಿಗ್ರಿಯ ಮಂಜುಗಡ್ಡೆಗೂ ನೀರಿಗೂ ಇರುವ ವ್ಯತ್ಯಾಸ ಮಾತ್ರ. ಅದನ್ನು ಹಿಡಿಯಬೇಕಾದರೆ ಸೊನ್ನೆ ಕೆಲ್ವಿನ್‌ನ ಸಮೀಪದಿಂದ ಹಬೆಯವರೆಗಿನ ಶಾಖವನ್ನೆಲ್ಲ ಕೂಡಿ, ಹಬೆಯ ರೋಹಿತದ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಬೇಕು.