ಕೆಲಸದ ಜೊತೆಗೆ ನಿರ್ಧಾರವನ್ನೂ ಒಪ್ಪಿಸಿ: ಹೊಸ ಟೀಮ್ ಲೀಡ್‌ಗಳಿಗೆ

ಹೊಸದಾಗಿ ತಂಡದ ಹೊಣೆ ಹೊತ್ತವರು ಕೆಲಸವನ್ನೇನೋ ಹಂಚಿಬಿಡುತ್ತಾರೆ. ಆದರೆ ಆ ಕೆಲಸದಲ್ಲಿ ಬರುವ ನಿರ್ಧಾರಗಳನ್ನೆಲ್ಲ ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತಾರೆ. ಆಗ ಕೆಲಸ ಮಾಡುವವರು ಪ್ರತಿ ತಿರುವಿನಲ್ಲೂ ನಿಂತು ಕೇಳಬೇಕಾಗುತ್ತದೆ, ಲೀಡ್ ದಿನವಿಡೀ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ. ಇದನ್ನು ತಪ್ಪಿಸಲು ಕೆಲಸ ಒಪ್ಪಿಸುವ ಮುನ್ನ ಅರ್ಧ ಪುಟದಷ್ಟು ಬರೆದುಕೊಂಡರೆ ಸಾಕು. ಏನು ಬರೆಯಬೇಕು ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ.

ಮೂರು ಎಕ್ಸೆಲ್ ಶೀಟುಗಳಲ್ಲಿ ಹರಡಿಹೋದ 2,400 ಗ್ರಾಹಕರ ವಿವರಗಳನ್ನು ಒಂದೇ ಪಟ್ಟಿಗೆ ತರಬೇಕು. ಮುಂದಿನ ತಿಂಗಳ 1ರಿಂದ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಆ ಪಟ್ಟಿಯನ್ನೇ ಬಳಸುತ್ತದೆ. ಕೈಯಲ್ಲಿರುವುದು 15 ಕೆಲಸದ ದಿನ. ತಂಡದ ಒಬ್ಬ ಸದಸ್ಯೆಗೆ ಇದನ್ನು ಒಪ್ಪಿಸಬೇಕಾಗಿದೆ.

ಹಂತ 1: ಮುಗಿದಾಗ ಹೇಗಿರಬೇಕು ಎಂದು ಬರೆಯಿರಿ

‘ಗ್ರಾಹಕರ ಪಟ್ಟಿ ಸ್ವಲ್ಪ ಸರಿ ಮಾಡಿಬಿಡಿ’ ಎಂದರೆ ಆಕೆಗೆ ಒಂದು ಅರ್ಥ, ನಿಮಗೆ ಇನ್ನೊಂದು. ಬರಹದಲ್ಲಿ ಅದು ಹೀಗಿರಲಿ: ‘15ನೇ ದಿನದ ಸಂಜೆಯೊಳಗೆ ಒಂದೇ ಪಟ್ಟಿ ಸಿದ್ಧವಾಗಿರಬೇಕು. ಒಬ್ಬ ಗ್ರಾಹಕರಿಗೆ ಒಂದೇ ಸಾಲು. ಪ್ರತಿ ಸಾಲಿನಲ್ಲೂ ಫೋನ್ ಮತ್ತು ವಿಳಾಸ ಇರಬೇಕು, ಸಿಗದಿದ್ದರೆ “ಬಾಕಿ” ಎಂಬ ಗುರುತು. ಎಲ್ಲೆಂದರಲ್ಲಿ 100 ಸಾಲು ಆರಿಸಿ ಪರೀಕ್ಷಿಸಿದರೆ 2ಕ್ಕಿಂತ ಹೆಚ್ಚು ತಪ್ಪು ಸಿಗಬಾರದು.’

ಕೊನೆಯ ವಾಕ್ಯವನ್ನು ಬಿಡಬೇಡಿ. ಎಷ್ಟು ಅಚ್ಚುಕಟ್ಟು ಸಾಕು ಎಂದು ಹೇಳದಿದ್ದರೆ ಕೆಲವರು ಮೇಲೆಮೇಲೆ ಮುಗಿಸುತ್ತಾರೆ, ಇನ್ನು ಕೆಲವರು ಒಂದೊಂದು ಕಾಗುಣಿತ ತಿದ್ದುತ್ತಾ ದಿನ ಕಳೆಯುತ್ತಾರೆ. ಜೊತೆಗೆ ಕಾರಣವನ್ನೂ ಒಂದು ಸಾಲಿನಲ್ಲಿ ಸೇರಿಸಿ: ಒಬ್ಬರೇ ಗ್ರಾಹಕರು ಎರಡು ಸಾಲಿನಲ್ಲಿದ್ದರೆ ಅವರಿಗೆ ಎರಡು ಬಿಲ್ ಹೋಗುತ್ತದೆ. ಇದು ಗೊತ್ತಿದ್ದರೆ ನೀವು ಊಹಿಸದ ಸಮಸ್ಯೆ ಎದುರಾದಾಗಲೂ ಯಾವುದನ್ನು ಮೊದಲು ಹಿಡಿಯಬೇಕೆಂದು ಆಕೆಗೇ ತಿಳಿಯುತ್ತದೆ. ಹೇಗೆ ಮಾಡಬೇಕು ಎಂಬುದನ್ನು ಮಾತ್ರ ಬರೆಯಬೇಡಿ, ಅದು ಆಕೆಗೆ ಬಿಟ್ಟದ್ದು.

ಹಂತ 2: ಅಧಿಕಾರದ ಗೆರೆ ಎಳೆಯಿರಿ

ಹೊಸ ಲೀಡ್‌ಗಳು ಹೆಚ್ಚಾಗಿ ಮರೆಯುವುದು ಇದನ್ನೇ. ಕೆಲಸದಲ್ಲಿ ಬರಬಹುದಾದ ನಿರ್ಧಾರಗಳನ್ನು ಮೂರು ಗುಂಪು ಮಾಡಿ.

ಮೊದಲನೆಯದು, ಕೇಳದೆ ಮಾಡಬಹುದಾದವು. ಕಾಲಮ್‌ಗಳ ಕ್ರಮ, ಹೆಸರು ಬರೆಯುವ ರೀತಿ, ಫೋನ್ ನಂಬರ್ ಒಂದೇ ಇದ್ದು ಹೆಸರಿನ ಕಾಗುಣಿತ ಮಾತ್ರ ಬೇರೆಯಿರುವ ಸಾಲುಗಳನ್ನು ಕೂಡಿಸುವುದು. ಎರಡನೆಯದು, ಮಾಡಿ ನಂತರ ತಿಳಿಸಬೇಕಾದವು. ಎರಡು ಶೀಟುಗಳಲ್ಲಿ ಬೇರೆ ಬೇರೆ ವಿಳಾಸವಿದ್ದರೆ ಹೊಸದನ್ನು ಉಳಿಸಿಕೊಳ್ಳುವುದು, ಸಂದೇಹವಿದ್ದಾಗ ಗ್ರಾಹಕರಿಗೆ ಫೋನ್ ಮಾಡುವುದು. ಮೂರನೆಯದು, ಕೇಳಿಯೇ ಮಾಡಬೇಕಾದವು. ಯಾವುದೇ ಗ್ರಾಹಕರನ್ನು ಪಟ್ಟಿಯಿಂದ ಪೂರ್ತಿ ತೆಗೆಯುವುದು, ಗಡುವು ಮುಂದೂಡುವುದು, ಹಣ ಖರ್ಚಾಗುವ ಏನೇ ಇರಲಿ.

ಯಾವುದು ಯಾವ ಗುಂಪಿಗೆ ಎಂದು ತೀರ್ಮಾನಿಸಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ತಪ್ಪಾದರೆ ಹಿಂದಕ್ಕೆ ತರಲು ಎಷ್ಟು ಕಷ್ಟ? ಕೂಡಿಸಿದ ಸಾಲನ್ನು ಹಳೆಯ ಶೀಟು ನೋಡಿ ಮತ್ತೆ ಬಿಡಿಸಬಹುದು. ಪಟ್ಟಿಯಿಂದಲೇ ಬಿಟ್ಟುಹೋದ ಗ್ರಾಹಕರು ಬಿಲ್ ಬಾರದೆ ಹೋಗುವವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂರನೇ ಗುಂಪು ಉದ್ದವಾಗುತ್ತಾ ಹೋದರೆ, ನೀವು ಕೆಲಸವನ್ನು ನಿಜಕ್ಕೂ ಒಪ್ಪಿಸುತ್ತಿಲ್ಲ ಎಂದೇ ಅರ್ಥ.

ಇನ್ನೆರಡು ಮಾತು. ಮೂರನೇ ಗುಂಪಿನ ಪ್ರಶ್ನೆ ಬಂದರೆ ಅದೇ ದಿನ ಉತ್ತರಿಸುತ್ತೇನೆಂದು ನೀವೂ ಮಾತು ಕೊಡಿ, ಇಲ್ಲದಿದ್ದರೆ ಕೆಲಸ ನಿಮ್ಮ ಮೇಜಿನ ಮೇಲೇ ನಿಂತಿರುತ್ತದೆ. ಹಾಗೆಯೇ ಲೆಕ್ಕಪತ್ರ ವಿಭಾಗಕ್ಕೂ ಮಾರಾಟ ವಿಭಾಗಕ್ಕೂ ನೀವೇ ಒಂದು ಸಂದೇಶ ಕಳಿಸಿ: ‘ಈ ಪಟ್ಟಿಯ ಹೊಣೆ ಇವರದು, ಕೇಳಿದ ಮಾಹಿತಿಯನ್ನು ನೇರವಾಗಿ ಇವರಿಗೇ ಕೊಡಿ.’ ಇಷ್ಟು ಮಾಡದಿದ್ದರೆ ಆ ವಿಭಾಗದವರು ಪ್ರತಿ ಸಲವೂ ‘ನಿಮ್ಮ ಲೀಡ್ ಕೈಲಿ ಹೇಳಿಸಿ’ ಎನ್ನುತ್ತಾರೆ, ಆಕೆಗೆ ನೀವು ಕೊಟ್ಟ ಅಧಿಕಾರ ಹಾಳೆಯ ಮೇಲಷ್ಟೇ ಉಳಿಯುತ್ತದೆ.

ಹಂತ 3: ಆಕೆಯ ಬಾಯಲ್ಲೇ ಕೇಳಿ

ಬರೆದದ್ದನ್ನು ಕೊಟ್ಟು 20 ನಿಮಿಷ ಕೂತು ಮಾತಾಡಿ. ‘ಅರ್ಥವಾಯಿತಾ?’ ಎಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಬದಲಿಗೆ ‘ಮೊದಲ ಎರಡು ದಿನ ಏನು ಮಾಡಬೇಕೆಂದುಕೊಂಡಿದ್ದೀರಿ? ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದು ಅನಿಸುತ್ತದೆ?’ ಎಂದು ಕೇಳಿ. ಸದ್ಯ ಕೈಯಲ್ಲಿರುವ ಕೆಲಸಗಳಲ್ಲಿ ಯಾವುದನ್ನು ಬದಿಗಿಡಬೇಕು ಎಂಬುದೂ ಇಲ್ಲೇ ತೀರ್ಮಾನವಾಗಲಿ.

ಹಂತ 4: ಭೇಟಿಗಳನ್ನು ಮೊದಲೇ ಗೊತ್ತುಮಾಡಿ

15 ದಿನದ ಕೆಲಸಕ್ಕೆ ಮೂರು ಭೇಟಿ ಸಾಕು. ಮೊದಲನೆಯದು 2ನೇ ದಿನದ ಕೊನೆಗೆ, 50 ಸಾಲು ಮುಗಿದಾಗ. ಮೂರರಲ್ಲಿ ಅತಿ ಮುಖ್ಯವಾದದ್ದು ಇದೇ. ಸಾಲು ಕೂಡಿಸುವ ಕ್ರಮದಲ್ಲಿ ತಪ್ಪಿದ್ದರೆ ಈಗ 50 ಸಾಲು ತಿದ್ದಿದರಾಯಿತು, 10ನೇ ದಿನ ಗೊತ್ತಾದರೆ ಸಾವಿರಾರು. ಎರಡನೆಯದು 8ನೇ ದಿನ. ಮೂರನೆಯದು 12ನೇ ದಿನ, ಅಂದರೆ ಏನಾದರೂ ಎಡವಟ್ಟಾಗಿದ್ದರೆ ಸರಿಪಡಿಸಲು ಇನ್ನೂ ಮೂರು ದಿನ ಉಳಿದಿರುವಾಗ. ಹೊಸ ದಿಕ್ಕು ತೋರಿಸಲು ಇದು ಕಾಲವಲ್ಲ, 100 ಸಾಲಿನ ಪರೀಕ್ಷೆ ಮಾತ್ರ ನಡೆಯಲಿ.

ಒಂದೊಂದು ಭೇಟಿಗೆ 15 ನಿಮಿಷ ಸಾಕು. ಅಲ್ಲಿ ‘ಎಷ್ಟು ಪರ್ಸೆಂಟ್ ಆಯಿತು?’ ಎಂದು ಕೇಳಬೇಡಿ. ಸುಲಭದ ಸಾಲುಗಳು ಮೊದಲು ಮುಗಿಯುವುದರಿಂದ 90 ಪರ್ಸೆಂಟ್ ಆದಮೇಲೂ ಅರ್ಧ ಶ್ರಮ ಬಾಕಿ ಇರಬಹುದು. ಪಟ್ಟಿಯನ್ನೇ ತೆರೆದು ನೋಡಿ, ತೊಡಕಿನ ಸಾಲು ಎಷ್ಟು ಉಳಿದಿವೆ ಎಂದು ಕೇಳಿ.

ಭೇಟಿಗಳ ನಡುವೆ ಇಣುಕಬೇಡಿ. ಅದಕ್ಕೆ ಧೈರ್ಯ ಬರಬೇಕಾದರೆ ಎಚ್ಚರಿಕೆಯ ಗಂಟೆಯನ್ನು ಮೊದಲೇ ಗೊತ್ತುಮಾಡಿ: ಕೆಲಸ ಎರಡು ದಿನ ಹಿಂದೆ ಬಿದ್ದರೆ ಅಥವಾ ಒಂದು ಶೀಟಿನ ಮಾಹಿತಿಯೇ ನಂಬಲಾಗದಂತಿದ್ದರೆ, ಭೇಟಿಗೆ ಕಾಯದೆ ಆಕೆ ತಕ್ಷಣ ತಿಳಿಸಬೇಕು. ಈ ಬಗೆಯ ಕೆಲಸ ಮೊದಲ ಸಲ ಮಾಡುವವರಾದರೆ ಮೊದಲ ವಾರದಲ್ಲಿ ಇನ್ನೊಂದು ಭೇಟಿ ಸೇರಿಸಿ. ಪಳಗಿದವರಾದರೆ ನಡುವಿನದನ್ನು ಕೈಬಿಡಬಹುದು.

ಕೆಲಸ ಹಿಂದಕ್ಕೆ ಬರುವುದು ಹೀಗೆ

5ನೇ ದಿನ ಆಕೆ ಬಂದು, ‘ಒಂದೇ ಫೋನ್ ನಂಬರಿಗೆ ಬೇರೆ ಬೇರೆ ಹೆಸರಿನ ಇಬ್ಬರು ಗ್ರಾಹಕರಿರುವುದು 40 ಕಡೆ ಸಿಕ್ಕಿದೆ, ಏನು ಮಾಡಲಿ?’ ಎನ್ನುತ್ತಾರೆ. ‘ಬಿಡಿ, ನಾನು ನೋಡ್ತೀನಿ’ ಎಂದಿರೋ, ಆ ಕ್ಷಣದಿಂದ ಕೆಲಸ ನಿಮ್ಮದು. ನಿಮಗೆ ಬಿಡುವಾಗುವವರೆಗೆ ಆಕೆ ಕೈಕಟ್ಟಿ ಕೂರಬೇಕು. ‘ನಿಮಗೇನು ಅನಿಸುತ್ತದೆ?’ ಎಂದು ಕೇಳಿ. ಒಂದೇ ಮನೆಯವರೋ, ಯಾರೋ ತಪ್ಪು ನಂಬರ್ ಹಾಕಿದ್ದಾರೋ ಎಂದು ತಿಳಿಯಲು ಐದು ಗ್ರಾಹಕರಿಗೆ ಫೋನ್ ಮಾಡಿ ನೋಡುವ ದಾರಿ ಆಕೆಗೇ ಹೊಳೆಯಬಹುದು. ಅದು ಎರಡನೇ ಗುಂಪಿನ ನಿರ್ಧಾರ, ನಿಮ್ಮ ಒಪ್ಪಿಗೆ ಬೇಕಿಲ್ಲ ಎಂದು ನೆನಪಿಸಿ.

ಆಕೆಯ ದಾರಿ ನಿಮ್ಮದಕ್ಕಿಂತ ಬೇರೆಯಾಗಿದ್ದು, ಒಂದನೇ ಹಂತದಲ್ಲಿ ಬರೆದ ಫಲಿತಾಂಶ ಸಿಗುವಂತಿದ್ದರೆ ಸುಮ್ಮನಿರಿ. ಒಮ್ಮೆ ಕಾರಣವಿಲ್ಲದೆ ಆಕೆಯ ತೀರ್ಮಾನವನ್ನು ತಿರುಗಿಸಿದರೆ, ಮರುದಿನದಿಂದ ಮೂರೂ ಗುಂಪಿನ ಪ್ರಶ್ನೆಗಳು ನಿಮ್ಮ ಬಳಿಗೇ ಬರುತ್ತವೆ. ಇಷ್ಟಾಗಿಯೂ ಪಟ್ಟಿ ಕೆಟ್ಟರೆ ಮೇಲಿನವರಿಗೆ ಉತ್ತರಿಸಬೇಕಾದವರು ನೀವೇ. ಹೆಸರು ತೋರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಸಂಬಳ, ಶಿಸ್ತು, ಕೆಲಸದ ಮೌಲ್ಯಮಾಪನದಂಥ ವಿಷಯಗಳನ್ನು ಮಾತ್ರ ಯಾರಿಗೂ ಒಪ್ಪಿಸಬೇಡಿ.

ಪಟ್ಟಿ ಸಿದ್ಧವಾದ ಮೇಲೆ ಆಕೆಯ ಜೊತೆ ಕೂತು, ಮೂರನೇ ಗುಂಪಿಗೆ ಬಂದ ಪ್ರಶ್ನೆಗಳನ್ನು ನೋಡಿ. ಪ್ರತಿ ಸಲವೂ ನೀವು ‘ಸರಿ, ಮಾಡಿ’ ಎಂದಷ್ಟೇ ಹೇಳಿದ್ದರೆ ಅಂಥ ನಿರ್ಧಾರವನ್ನು ಮುಂದಿನ ಕೆಲಸದಲ್ಲಿ ಎರಡನೇ ಗುಂಪಿಗೆ ಇಳಿಸಿ, ಆ ಬದಲಾವಣೆಯನ್ನು ಆಗಲೇ ಹಾಳೆಯಲ್ಲಿ ಬರೆದಿಡಿ.