ಉಚಿತ ಕಾರ್ಯಾಗಾರ, ಸಣ್ಣ ಠೇವಣಿ

ಪುಸ್ತಕ ಹೊಲಿಯುವುದನ್ನು ಕಲಿಸುವ ನನ್ನ ಉಚಿತ ಕಾರ್ಯಾಗಾರದಲ್ಲಿ 20 ಜಾಗಗಳಿದ್ದವು. ಎರಡೇ ದಿನದಲ್ಲಿ ಅಷ್ಟೂ ಭರ್ತಿಯಾದವು. ಬಂದವರು ಮಾತ್ರ 11 ಮಂದಿ. ಉಳಿದ ಒಂಬತ್ತು ಕುರ್ಚಿಗಳ ಮುಂದೆ ಮಡಚಿಟ್ಟ ಕಾಗದ, ಮೇಣ ಹಚ್ಚಿದ ದಾರ, ದಬ್ಬಣ ಮುಟ್ಟುವವರಿಲ್ಲದೆ ಬಿದ್ದಿದ್ದವು. ಜಾಗವಿಲ್ಲವೆಂದು ನಾನೇ ಬೇಡವೆಂದ ಏಳು ಮಂದಿಯ ಪಟ್ಟಿ ಜೇಬಿನಲ್ಲಿತ್ತು. ಹೊಟ್ಟೆ ಉರಿದದ್ದು ಅದಕ್ಕೆ.

ಮುಂದಿನ ಸಲ ಠೇವಣಿ ಕೇಳಿದೆ. ಕಟ್ಟಲು ಯಾರೂ ಹಿಂಜರಿಯದಷ್ಟು ಸಣ್ಣದು, ಆದರೆ ಕಳೆದುಕೊಂಡರೆ ಚುರುಕ್ಕೆನ್ನುವಂಥದ್ದು. ನೋಂದಣಿ ಅರ್ಜಿಯ ತಲೆಯಲ್ಲೇ ಹೀಗೆ ಬರೆದೆ: ‘ಇದು ಶುಲ್ಕವಲ್ಲ. ಬಂದವರಿಗೆ ಅದೇ ಸಂಜೆ ಪೂರ್ತಿ ಹಿಂತಿರುಗಿಸುತ್ತೇವೆ. ಎರಡು ದಿನ ಮುಂಚೆ ಬರುವುದಿಲ್ಲವೆಂದು ತಿಳಿಸಿದವರಿಗೂ ಹಿಂತಿರುಗಿಸುತ್ತೇವೆ. ತಿಳಿಸದೆ ತಪ್ಪಿಸಿಕೊಂಡವರ ಹಣ ಮುಂದಿನ ಕಾರ್ಯಾಗಾರದ ಕಾಗದ, ದಾರಕ್ಕೆ.’ ಕಟ್ಟಲು ಆಗದವರು ಹಾಗೆಂದು ಹೇಳಿದರೆ ಸಾಕಿತ್ತು. ಕಾರಣ ಕೇಳದೆ ಫೋನಿನಲ್ಲೇ ಜಾಗ ಕಾದಿರಿಸಿದೆ.

ನಿಜವಾಗಿ ಕೆಲಸ ಮಾಡಿದ್ದು ಹಣಕ್ಕಿಂತ ಆ ಎರಡು ದಿನದ ಗಡುವು. ಗಡುವಿಗೆ ಒಂದು ದಿನ ಮುಂಚೆ ಎಲ್ಲರಿಗೂ ನೆನಪಿನ ಸಂದೇಶ ಕಳುಹಿಸಿದೆ. ಹಿಂದೆಲ್ಲ ಸುಮ್ಮನಿದ್ದುಬಿಡುತ್ತಿದ್ದ ಜನ ಈಗ ಬಾಯಿಬಿಟ್ಟರು: ನಾಲ್ವರು ಬರಲಾಗದು ಎಂದರು, ಅವರ ಜಾಗಕ್ಕೆ ಕಾಯುವ ಪಟ್ಟಿಯಿಂದ ನಾಲ್ವರನ್ನು ಕರೆದೆ. ಆ ದಿನ 18 ಕುರ್ಚಿಗಳು ತುಂಬಿದವು.

ಹಿಂತಿರುಗಿಸುವುದರಲ್ಲಿ ಮಾತ್ರ ಎಡವಿದೆ. ಬಾಗಿಲಲ್ಲೇ ನಗದು ಕೊಟ್ಟದ್ದು ಮೊದಲ ತಪ್ಪು. ವಿರಾಮದ ಹೊತ್ತಿಗೆ ಇಬ್ಬರು ಕಾಣೆಯಾದರು, ಅವರ ಮುಂದಿದ್ದ ದಬ್ಬಣವೂ ಹೋಯಿತು. ಅದರ ಮುಂದಿನ ಕಾರ್ಯಾಗಾರದಲ್ಲಿ ಕೊನೆಗೆ ಕೊಡಲು ಹೋದೆ: ಚಿಲ್ಲರೆಯಿಲ್ಲ, ಉದ್ದ ಸಾಲು, ಎಲ್ಲರಿಗೂ ಮನೆಗೆ ಹೋಗುವ ಅವಸರ. ಈಗ ವಿರಾಮ ಮುಗಿದು ಎಲ್ಲರೂ ಕುಳಿತ ಮೇಲೆ ಹಾಜರಿ ಗುರುತು ಹಾಕಿಕೊಳ್ಳುತ್ತೇನೆ. ಸಂಜೆ ಪಟ್ಟಿ ಮುಂದಿಟ್ಟುಕೊಂಡು, ಹಣ ಬಂದ ಖಾತೆಗೇ ಮರಳಿ ಕಳುಹಿಸುತ್ತೇನೆ. ಬಂದವರ ಖಾತೆಗೆ ಎನ್ನುತ್ತಿಲ್ಲ, ಕಟ್ಟಿದವರ ಖಾತೆಗೆ. ಒಬ್ಬರು ತಮ್ಮ ಜೊತೆ ಇನ್ನಿಬ್ಬರದ್ದನ್ನೂ ಕಟ್ಟಿದ್ದಾಗ ನಾನು ಮೂವರಿಗೂ ಬೇರೆ ಬೇರೆ ಕಳುಹಿಸಿ, ಸ್ನೇಹಿತರ ನಡುವೆ ಲೆಕ್ಕದ ಪಂಚಾಯಿತಿ ಹಚ್ಚಿದ್ದೆ. ಕಟ್ಟಿದವರ ಹೆಸರಿಗೆಂದೇ ಪಟ್ಟಿಯಲ್ಲಿ ಒಂದು ಕಾಲಂ ಬಂದದ್ದು ಅಂದಿನಿಂದ.

ಪಾವತಿ ಸೇವೆಯ ಮೂಲಕ ಪಡೆದ ಹಣವಾದರೆ ಮರುಪಾವತಿ ಖಾತೆ ಸೇರಲು ಕೆಲವು ದಿನ ಹಿಡಿಯುವುದುಂಟು, ಸೇವಾಶುಲ್ಕವನ್ನು ಅವರು ಹಿಂತಿರುಗಿಸದೆಯೂ ಇರಬಹುದು. ಆ ಖೋತಾ ನನ್ನದೇ. ಕಟ್ಟಿದವರಿಗೆ ಪೂರ್ತಿ ಮೊತ್ತವೇ ಹೋಗಬೇಕು. ‘ಇವತ್ತೇ ಕಳುಹಿಸಿದ್ದೇನೆ, ಸೇರಲು ಕೆಲವು ದಿನ ಬೇಕಾಗಬಹುದು’ ಎಂದು ಒಂದು ಸಾಲು ಬರೆದುಬಿಡುತ್ತೇನೆ, ಇಲ್ಲವಾದರೆ ಮರುದಿನವೇ ವಿಚಾರಣೆ ಶುರುವಾಗುತ್ತದೆ. ‘ಠೇವಣಿಯನ್ನು ದೇಣಿಗೆಯಾಗಿ ಬಿಡುತ್ತೀರಾ’ ಎಂದು ಎದುರಿಗೆ ಕೇಳುವುದನ್ನು ಒಮ್ಮೆ ಮಾಡಿ ಕೈಬಿಟ್ಟೆ. ಇಲ್ಲವೆನ್ನಲು ನಾಚಿ ಹೂಂ ಎಂದವರ ಮುಖ ನೋಡಲು ನನಗೇ ಸಂಕೋಚವಾಯಿತು.

18 ಕುರ್ಚಿಗಳು ತುಂಬಿದ ಆ ದಿನ ಹೇಳದೆ ತಪ್ಪಿಸಿಕೊಂಡ ಇಬ್ಬರಲ್ಲಿ ಒಬ್ಬರು ಮೂರು ದಿನ ಬಿಟ್ಟು, ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದೆ ಎಂದು ಬರೆದರು. ಪುರಾವೆ ಕೇಳಲಿಲ್ಲ, ಹಣ ಕಳುಹಿಸಿದೆ. ಇನ್ನೊಬ್ಬರು ಏನೂ ಬರೆಯಲಿಲ್ಲ. ಅವರ ಠೇವಣಿಯಲ್ಲಿ ಮುಂದಿನ ಸಲಕ್ಕೆ ಎರಡು ಉಂಡೆ ದಾರ ಬಂತು.